ಒಂದೇ ಮೈನಸ್, ಎರಡು ಜಾಗ

(ಪ್ರೌಢಶಾಲೆ ಮತ್ತು ಪಿಯು ಗಣಿತ ಶಿಕ್ಷಕರ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದು.)

ಎಲ್ಲರಿಗೂ ನಮಸ್ಕಾರ. ಬೋರ್ಡಿನ ಮೇಲೆ ಎರಡು ಲೆಕ್ಕ ಬರೆದಿದ್ದೇನೆ. ಒಂದು ನಿಮಿಷ ತಗೊಂಡು ನಿಮ್ಮ ನಿಮ್ಮ ಹಾಳೆಯಲ್ಲಿ ಬಿಡಿಸಿ. ಆಮೇಲೆ ಮಾತಾಡೋಣ.

-2x < 6

2x < -6

ಎರಡರಲ್ಲೂ ಅದೇ 2, ಅದೇ 6, ಒಂದೇ ಒಂದು ಮೈನಸ್. ಮೊದಲನೆಯದರಲ್ಲಿ ಆ ಮೈನಸ್ x ಜೊತೆ ಕೂತಿದೆ. ಎರಡನೆಯದರಲ್ಲಿ ಆಚೆ ಬದಿಗೆ ಹೋಗಿ ಕೂತಿದೆ. ಇವು ಸಮೀಕರಣಗಳಾಗಿದ್ದರೆ ಎರಡಕ್ಕೂ ಉತ್ತರ -3, ಅಲ್ಲಿಗೆ ಮುಗಿಯಿತು. ಅಸಮಾನತೆ ಆಗಿರುವುದರಿಂದ -3 ಬರೀ ಗಡಿ. ಗಡಿಯ ಯಾವ ಕಡೆ ಉತ್ತರ ಇದೆ ಅನ್ನುವುದೇ ಪ್ರಶ್ನೆ. ಮೊದಲನೆಯದರಲ್ಲಿ -2ರಿಂದ ಭಾಗಿಸುತ್ತೇವೆ, ಆದ್ದರಿಂದ ತಿರುಗಿಸಬೇಕು: x > -3. ಎರಡನೆಯದರಲ್ಲಿ ಭಾಗಿಸುವುದು 2ರಿಂದ, ತಿರುಗಿಸುವ ಹಾಗಿಲ್ಲ: x < -3. ಗಡಿ ಒಂದೇ, ದಿಕ್ಕು ಪೂರ್ತಿ ಉಲ್ಟಾ.

ಈ ಜೋಡಿಯನ್ನು ನಾನು ಈಗ ಪ್ರತಿ ವರ್ಕ್‌ಶೀಟಿನಲ್ಲೂ ಮೊದಲಿಗೇ ಹಾಕುತ್ತೇನೆ. ಯಾಕೆ ಅಂತ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಪ್ರಥಮ ಪಿಯುಸಿ ಮಕ್ಕಳಿಗೆ ಒಂದು ವರ್ಕ್‌ಶೀಟ್ ಮಾಡಿದ್ದೆ. ಹತ್ತು ಲೆಕ್ಕ. ಋಣ ಸಂಖ್ಯೆಯಿಂದ ಭಾಗಿಸುವುದು ಚೆನ್ನಾಗಿ ಅಭ್ಯಾಸ ಆಗಲಿ ಅಂತ ಹತ್ತರಲ್ಲೂ x ಹಿಂದೆ ಮೈನಸ್ ಇಟ್ಟಿದ್ದೆ. ಹೆಚ್ಚು ಕಡಿಮೆ ಎಲ್ಲರೂ ಸರಿ ಮಾಡಿದರು. ನನಗೂ ಸಮಾಧಾನ ಆಯಿತು. ಮುಂದಿನ ವಾರದ ಟೆಸ್ಟ್‌ನಲ್ಲಿ 3x > -12 ಕೊಟ್ಟೆ. ಅದೇ ಮಕ್ಕಳು ಸಾಲಾಗಿ x < -4 ಅಂತ ಬರೆದಿದ್ದರು. ಅಂದರೆ ಅವರು ಕಲಿತಿದ್ದು "ಋಣ ಸಂಖ್ಯೆಯಿಂದ ಭಾಗಿಸಿದರೆ ತಿರುಗಿಸು" ಅಂತ ಅಲ್ಲ. "ಮೈನಸ್ ಕಂಡರೆ ತಿರುಗಿಸು" ಅಂತ. ನನ್ನ ವರ್ಕ್‌ಶೀಟಿನ ಹತ್ತು ಲೆಕ್ಕದಲ್ಲಿ ಒಂದಕ್ಕೂ ಈ ಎರಡರ ನಡುವಿನ ವ್ಯತ್ಯಾಸ ಹಿಡಿಯುವ ಶಕ್ತಿ ಇರಲಿಲ್ಲ. ತಪ್ಪು ನಿಯಮಕ್ಕೂ ಅಲ್ಲಿ ಹತ್ತಕ್ಕೆ ಹತ್ತು ಅಂಕ ಸಿಗುತ್ತಿತ್ತು.

ಈಗ ಬೋರ್ಡಿನ ಮೇಲಿನ ಜೋಡಿಯನ್ನು ನೋಡಿ. ದಿಕ್ಕಿನ ಮಟ್ಟಿಗೆ ಒಂದು ಮಗು ಇಲ್ಲಿ ನಾಲ್ಕೇ ನಾಲ್ಕು ಥರ ಉತ್ತರ ಬರೆಯಬಹುದು. ಮೊದಲನೆಯದಕ್ಕೆ >, ಎರಡನೆಯದಕ್ಕೆ < ಬರೆದರೆ ಸರಿ. ಎರಡಕ್ಕೂ < ಬರೆದಿದ್ದರೆ ಆ ಮಗು ಯಾವತ್ತೂ ತಿರುಗಿಸುವುದೇ ಇಲ್ಲ, ಸಮೀಕರಣ ಬಿಡಿಸಿದ ಹಾಗೆ ಬಿಡಿಸುತ್ತಿದೆ. ಎರಡಕ್ಕೂ > ಬರೆದಿದ್ದರೆ ಮೈನಸ್ ಕಂಡಲ್ಲೆಲ್ಲ ತಿರುಗಿಸುತ್ತಿದೆ. ನಾಲ್ಕನೆಯದು ಅಪರೂಪ, ಮೊದಲನೆಯದಕ್ಕೆ <, ಎರಡನೆಯದಕ್ಕೆ >. ಆ ಮಗುವಿಗೆ ನಿಯಮ ಗೊತ್ತು, ಆದರೆ ಯಾವ ಸಂಖ್ಯೆಯನ್ನು ನೋಡಬೇಕು ಅನ್ನುವುದು ಅದಲುಬದಲಾಗಿದೆ. ಭಾಗಿಸುವ ಸಂಖ್ಯೆ ಬಿಟ್ಟು, ಭಾಗವಾಗುವ ಸಂಖ್ಯೆಯ ಮೈನಸ್ ನೋಡಿದೆ. ಎರಡು ಸಾಲು ನೋಡಿದರೆ ಸಾಕು, ಯಾವ ಮಗುವಿನ ಹತ್ತಿರ ಹೋಗಿ ಏನು ಹೇಳಬೇಕು ಅಂತ ಗೊತ್ತಾಗುತ್ತದೆ. ಇದರಲ್ಲಿ ಒಂದೇ ಲೆಕ್ಕ ಕೊಟ್ಟಿದ್ದರೆ ಇಬ್ಬರು ಬೇರೆ ಬೇರೆ ಮಕ್ಕಳು ಒಂದೇ ಥರ ಕಾಣುತ್ತಾರೆ. ಬರೀ -2x < 6 ಕೊಟ್ಟರೆ ಕಂಡಲ್ಲೆಲ್ಲ ತಿರುಗಿಸುವವನೂ ಸರಿ. ಬರೀ 2x < -6 ಕೊಟ್ಟರೆ ಯಾವತ್ತೂ ತಿರುಗಿಸದವನೂ ಸರಿ.

ಇಲ್ಲಿ ನಮ್ಮ ಮಾತಿನದೂ ಒಂದು ತೊಡಕು ಇದೆ. ನಾವು ಪಾಠ ಮಾಡುವಾಗ "ಚಿಹ್ನೆ" ಅನ್ನುವ ಪದವನ್ನು ಎರಡು ಬೇರೆ ಸಂಗತಿಗೆ ಬಳಸುತ್ತೇವೆ. ಪ್ಲಸ್ ಮೈನಸ್ ಕೂಡ ಚಿಹ್ನೆ, < ಮತ್ತು > ಕೂಡ ಚಿಹ್ನೆ. "ಆಚೆ ಬದಿಗೆ ಹೋದಾಗ ಚಿಹ್ನೆ ಬದಲಾಗುತ್ತದೆ" ಅಂತ ಎಂಟನೇ ಕ್ಲಾಸಿನಿಂದ ಹೇಳಿಕೊಡುತ್ತೇವೆ. ಇಲ್ಲಿಗೆ ಬಂದಾಗ "ಋಣ ಸಂಖ್ಯೆಯಿಂದ ಗುಣಿಸಿದಾಗ ಚಿಹ್ನೆ ಬದಲಾಗುತ್ತದೆ" ಅನ್ನುತ್ತೇವೆ. ಮಗು ಎರಡನ್ನೂ ಕೂಡಿಸಿಕೊಂಡು, x - 5 > 2 ಅನ್ನು x < 7 ಅಂತ ಬರೆಯುತ್ತದೆ. ಐದು ಆಚೆ ಹೋಯಿತು, ಚಿಹ್ನೆ ಬದಲಾಯಿತು, ಎರಡೂ ಚಿಹ್ನೆ! ಮಗುವಿನ ಕಿವಿಗೆ ನಾವು ಹೇಳಿದ್ದೂ ಅದೇ ಅಲ್ವಾ? ಅದಕ್ಕೆ ನಾನು ಈಗ ಮಾತು ಬೇರೆ ಮಾಡಿಕೊಂಡಿದ್ದೇನೆ. ಪ್ಲಸ್ ಮೈನಸ್‌ಗೆ ಮಾತ್ರ ಚಿಹ್ನೆ. < > ಗೆ "ಬಾಯಿ". ಚಿಕ್ಕ ಕ್ಲಾಸಿನಲ್ಲಿ ಮೊಸಳೆ ಬಾಯಿ ಅಂತ ಹೇಳಿಕೊಟ್ಟಿರುತ್ತಾರೆ, ದೊಡ್ಡದರ ಕಡೆ ತೆರೆದುಕೊಳ್ಳುತ್ತದೆ ಅಂತ. ಅದೇ ಪದ. "ಐದು ಆಚೆ ಹೋಯಿತು, ಚಿಹ್ನೆ ಬದಲಾಯಿತು, ಬಾಯಿ ಹಾಗೇ ಇದೆ." "ಮೈನಸ್ ಎರಡರಿಂದ ಭಾಗಿಸಿದೆವು, ಬಾಯಿ ತಿರುಗಿತು." ಹೀಗೆ ಹೇಳಿ ನೋಡಿ, ಕ್ಲಾಸಿನಲ್ಲಿ ಗೊಂದಲ ಎಷ್ಟೋ ಕಡಿಮೆ ಆಗುತ್ತದೆ.

ಸರಿ, ಬಾಯಿ ಯಾಕೆ ತಿರುಗಬೇಕು? ಇದನ್ನು ನಿಯಮ ಅಂತ ಬರೆಸುವುದಕ್ಕಿಂತ ಕೈಯಲ್ಲಿ ಮಾಡಿ ತೋರಿಸುವುದು ಸುಲಭ. ಒಂದು ರಟ್ಟಿನ ಮೇಲೆ -6ರಿಂದ 6ರವರೆಗೆ ಸಂಖ್ಯಾರೇಖೆ ಎಳೆಯಿರಿ. ಅಷ್ಟೇ ಉದ್ದದ ಒಂದು ಕಾಗದದ ಪಟ್ಟಿ ಕತ್ತರಿಸಿ ಅದರ ಮೇಲಿಡಿ. ಸೊನ್ನೆಯ ಜಾಗದಲ್ಲಿ ಎರಡನ್ನೂ ಸೇರಿಸಿ ಒಂದು ಗುಂಡುಸೂಜಿ ಚುಚ್ಚಿ. ಪಟ್ಟಿಯ ಮೇಲೆ, 2ರ ಎದುರಿಗೆ ಒಂದು ಕೆಂಪು ಚುಕ್ಕೆ, 5ರ ಎದುರಿಗೆ ಒಂದು ನೀಲಿ ಚುಕ್ಕೆ ಇಡಿ. ಕೆಂಪು ಎಡಕ್ಕೆ, ನೀಲಿ ಬಲಕ್ಕೆ. ಸಂಖ್ಯಾರೇಖೆಯಲ್ಲಿ ಎಡಕ್ಕಿದ್ದದ್ದು ಚಿಕ್ಕದು. 2 < 5.

ಈಗ ಪಟ್ಟಿಯನ್ನು ಸೂಜಿಯ ಸುತ್ತ ಅರ್ಧ ಸುತ್ತು ತಿರುಗಿಸಿ. ಕೆಂಪು ಚುಕ್ಕೆ -2ಕ್ಕೆ ಬಂತು, ನೀಲಿ -5ಕ್ಕೆ ಹೋಯಿತು. -1ರಿಂದ ಗುಣಿಸುವುದು ಅಂದರೆ ಇಷ್ಟೇ, ಸೊನ್ನೆಯನ್ನು ಹಿಡಿದು ಇಡೀ ರೇಖೆಯನ್ನು ತಿರುಗಿಸಿ ಹಾಕುವುದು. ಸೊನ್ನೆಯಿಂದ ಜಾಸ್ತಿ ದೂರ ಇದ್ದ ನೀಲಿ ಈಗಲೂ ಜಾಸ್ತಿ ದೂರವೇ ಇದೆ, ಆದರೆ ಎಡಗಡೆಗೆ. ಬಲಕ್ಕಿದ್ದದ್ದು ಎಡಕ್ಕೆ ಬಂತು. ಆದ್ದರಿಂದ -2 > -5. ಬಾಯಿ ತಿರುಗಿತು. ಚುಕ್ಕೆಗಳು ಸೊನ್ನೆಯ ಆಚೆ ಈಚೆ ಇದ್ದರೂ ಹೀಗೇ ಆಗುತ್ತದೆಯೇ ಅಂತ ಮಕ್ಕಳು ಕೇಳಬೇಕು, ಕೇಳದಿದ್ದರೆ ನಾವೇ ಮಾಡಿಸಬೇಕು. ಕೆಂಪು -4ಕ್ಕೆ, ನೀಲಿ 1ಕ್ಕೆ ಇಡಿ. -4 < 1. ತಿರುಗಿಸಿದರೆ 4 ಮತ್ತು -1. 4 > -1. ಮತ್ತೆ ಬಾಯಿ ತಿರುಗಿತು.

ಅದೇ ಪಟ್ಟಿಯಿಂದ ಸೂಜಿ ತೆಗೆದು ಸುಮ್ನೆ ಮೂರು ಮನೆ ಬಲಕ್ಕೆ ಜರುಗಿಸಿ. ಅದು 3 ಕೂಡುವುದು. ಎಡಕ್ಕೆ ಜರುಗಿಸಿದರೆ ಕಳೆಯುವುದು. ಎಷ್ಟು ಜರುಗಿಸಿದರೂ ಕೆಂಪು ಕೆಂಪಿನ ಕಡೆಯೇ, ನೀಲಿ ನೀಲಿಯ ಕಡೆಯೇ. ಕೂಡಿ ಕಳೆಯುವಾಗ ಬಾಯಿ ಯಾಕೆ ತಿರುಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. 2ರಿಂದ ಗುಣಿಸುವುದು ಅಂದರೆ ಪಟ್ಟಿಯ ಬದಲು ರಬ್ಬರ್ ಬ್ಯಾಂಡ್ ಇಟ್ಟು ಸೊನ್ನೆಯಿಂದ ಎಳೆದ ಹಾಗೆ, ದೂರ ಹೆಚ್ಚಾಗುತ್ತದೆ, ಸಾಲು ಬದಲಾಗುವುದಿಲ್ಲ. -2ರಿಂದ ಅಂದರೆ ಎಳೆದು, ಆಮೇಲೆ ತಿರುಗಿಸುವುದು.

ಕಾಗದದ ಪಟ್ಟಿ ಬೇಡ, ಬದುಕಿನ ಲೆಕ್ಕ ಬೇಕು ಅನ್ನುವ ಮಕ್ಕಳಿಗೆ ನಾನು ನೀರಿನ ಟ್ಯಾಂಕ್ ಕೊಡುತ್ತೇನೆ. ಮನೆ ಮೇಲೆ 1000 ಲೀಟರಿನ ಟ್ಯಾಂಕ್ ತುಂಬಿದೆ. ಕರೆಂಟ್ ಹೋಗಿದೆ, ಮೋಟರ್ ಓಡುವುದಿಲ್ಲ. ಮನೆಯಲ್ಲಿ ಗಂಟೆಗೆ 40 ಲೀಟರ್ ಖರ್ಚಾಗುತ್ತಿದೆ ಅಂತ ಇಟ್ಟುಕೊಳ್ಳಿ. ಟ್ಯಾಂಕಿನಲ್ಲಿ ಕನಿಷ್ಠ 200 ಲೀಟರ್ ಉಳಿದಿರಬೇಕು. ಎಷ್ಟು ಹೊತ್ತು ಹೀಗೇ ನಡೆಸಬಹುದು? t ಗಂಟೆ ಅಂದರೆ

1000 - 40t ≥ 200

-40t ≥ -800

t ≤ 20

ಇಲ್ಲಿ ಬಾಯಿ ತಿರುಗಿದ್ದು ಬೀಜಗಣಿತದ ಆಟ ಅಲ್ಲ. ಹೊತ್ತು ಏರಿದಷ್ಟೂ ನೀರು ಇಳಿಯುತ್ತದೆ. ಆ 40ರ ಹಿಂದಿನ ಮೈನಸ್ ಹೇಳುವುದು ಅದನ್ನೇ. ಆದ್ದರಿಂದ ನೀರಿನ "ಕನಿಷ್ಠ" ಅನ್ನುವುದು ಹೊತ್ತಿನ "ಗರಿಷ್ಠ" ಆಗಲೇಬೇಕು. ಕನಿಷ್ಠ 200 ಲೀಟರ್, ಗರಿಷ್ಠ 20 ಗಂಟೆ. ಇದನ್ನು ಒಮ್ಮೆ ಗಟ್ಟಿಯಾಗಿ ಹೇಳಿಸಿದರೆ ಮಕ್ಕಳಿಗೆ ತಟ್ಟುತ್ತದೆ.

ಇದೇ ಲೆಕ್ಕದ ಎರಡನೇ ಸಾಲಿನಲ್ಲಿ ಇನ್ನೊಂದು ಹಳ್ಳ ಇದೆ. ಎರಡೂ ಕಡೆ ಮೈನಸ್. "ಮೈನಸ್ ಮೈನಸ್ ಕ್ಯಾನ್ಸಲ್" ಅಂತ ಎರಡರ ಮೇಲೂ ಗೀಟು ಹಾಕಿ 40t ≥ 800 ಅಂತ ಬರೆದುಬಿಡುತ್ತಾರೆ. ಗೀಟು ಹಾಕುವುದು ಅಂದರೆ -1ರಿಂದ ಗುಣಿಸುವುದು ಅಂತ ಅವರಿಗೆ ಅನಿಸುವುದೇ ಇಲ್ಲ, ಯಾಕೆಂದರೆ ಎಲ್ಲೂ ಗುಣಿಸಿದ ಗುರುತು ಕಾಣುವುದಿಲ್ಲ. ಉತ್ತರ t ≥ 20. ಆಗ ನಾನು ಕೇಳುವುದು ಒಂದೇ ಪ್ರಶ್ನೆ, 25 ಗಂಟೆ ಆದಾಗ ಟ್ಯಾಂಕಿನಲ್ಲಿ ಎಷ್ಟಿರುತ್ತದೆ? 1000ದಲ್ಲಿ 1000 ಖರ್ಚು. ಟ್ಯಾಂಕ್ ಖಾಲಿ. ಮಗು ತಾನೇ ಉತ್ತರ ತಿದ್ದುತ್ತದೆ. ರೇಖೆಯ ಮೇಲೆ ಬಣ್ಣ ತುಂಬುವಾಗ ಇನ್ನೊಂದು ಮಾತು. t ≤ 20 ಅಂತ ಎಡಕ್ಕೆ ಬಾಣ ಎಳೆದು ಮೈನಸ್ ಗಂಟೆಗಳಿಗೂ ಬಣ್ಣ ಹಾಕುವ ಹಾಗಿಲ್ಲ. ಇಲ್ಲಿ ಬಣ್ಣ 0ಯಿಂದ 20ರವರೆಗೆ ಮಾತ್ರ, ಎರಡೂ ತುದಿಗೆ ತುಂಬಿದ ಚುಕ್ಕೆ.

ಬಣ್ಣದ ಮಾತು ಬಂದದ್ದರಿಂದ ಅಲ್ಲಿಗೇ ಹೋಗುತ್ತೇನೆ. ವರ್ಕ್‌ಶೀಟ್ ತಿದ್ದುವಾಗ ನಮ್ಮಲ್ಲಿ ತುಂಬಾ ಜನ ಕೊನೆಯ ಸಾಲು ನೋಡುತ್ತೇವೆ, ಸಂಖ್ಯಾರೇಖೆಯ ಕಡೆ ಒಂದು ಕಣ್ಣು ಹಾಯಿಸಿ ಟಿಕ್ ಹಾಕುತ್ತೇವೆ. ಅದು ಎಷ್ಟು ಮೋಸ ಮಾಡುತ್ತದೆ ಅನ್ನುವುದಕ್ಕೆ ಎರಡು ಉತ್ತರ ಪತ್ರಿಕೆ ತೋರಿಸುತ್ತೇನೆ. ಲೆಕ್ಕ ಇದು:

5 - 3x ≥ 11

ಮೊದಲ ಹುಡುಗಿ -3x ≥ 6 ಅಂತ ಸರಿಯಾಗಿ ಬಂದಳು. ಆಮೇಲೆ ಬಾಯಿ ತಿರುಗಿಸುವುದನ್ನು ಮರೆತು x ≥ -2 ಅಂತ ಬರೆದಳು. ರೇಖೆಯ ಮೇಲೆ -2ರ ಹತ್ತಿರ ತುಂಬಿದ ಚುಕ್ಕೆ, ಬಲಕ್ಕೆ ಬಣ್ಣ. ಅವಳ ಉತ್ತರಕ್ಕೆ ತಕ್ಕ ಚಿತ್ರ, ಆದರೆ ಉತ್ತರವೇ ತಪ್ಪು.

ಎರಡನೇ ಹುಡುಗ ಜಾಣ. ಋಣ ಸಂಖ್ಯೆಯಿಂದ ಭಾಗಿಸುವ ತಾಪತ್ರಯವೇ ಬೇಡ ಅಂತ 3xನ್ನು ಬಲಕ್ಕೆ, 11ನ್ನು ಎಡಕ್ಕೆ ತಂದ. 5 - 11 ≥ 3x. ಅಲ್ಲಿಂದ -6 ≥ 3x. ಅಲ್ಲಿಂದ -2 ≥ x. ಒಂದೊಂದು ಸಾಲೂ ಸರಿ. ಕೊನೆಗೆ ರೇಖೆಯ ಮೇಲೆ -2ಕ್ಕೆ ತುಂಬಿದ ಚುಕ್ಕೆ ಇಟ್ಟು, ಬಲಕ್ಕೆ ಬಣ್ಣ ಹಾಕಿದ!

ಇಬ್ಬರ ಚಿತ್ರವೂ ಒಂದೇ, ಎರಡೂ ತಪ್ಪು. ಕೊನೆಯ ಸಾಲು ಮಾತ್ರ ನೋಡುವ ಮೇಷ್ಟ್ರು ಆ ಹುಡುಗನಿಗೆ ಪೂರ್ತಿ ಅಂಕ ಕೊಡುತ್ತಾರೆ. ಚಿತ್ರ ಮಾತ್ರ ನೋಡುವವರು ಇಬ್ಬರಿಗೂ "ಬಾಯಿ ತಿರುಗಿಸಿಲ್ಲ" ಅಂತ ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ಹುಡುಗನ ಮಟ್ಟಿಗೆ ಅದು ಅನ್ಯಾಯ. ಅವನಿಗೆ ಬಾಯಿ ತಿರುಗಿಸುವ ಪಾಠ ಮತ್ತೆ ಮಾಡಿ ಪ್ರಯೋಜನ ಇಲ್ಲ. ಅವನ ತೊಂದರೆ ಬೇರೆ.

ಏನದು? ಅವನಿಗೆ ಯಾರೋ ಒಂದು ಅಡ್ಡದಾರಿ ಹೇಳಿಕೊಟ್ಟಿದ್ದಾರೆ: ಚಿಹ್ನೆಯನ್ನೇ ಬಾಣ ಅಂದುಕೋ, ಅದು ಯಾವ ಕಡೆ ತೋರಿಸುತ್ತದೋ ಆ ಕಡೆ ಬಣ್ಣ ಹಾಕು. x < 3 ಅಂದರೆ ಬಾಣ ಎಡಕ್ಕೆ, ಬಣ್ಣ ಎಡಕ್ಕೆ. x > 3 ಅಂದರೆ ಬಲಕ್ಕೆ. ಈ ಅಡ್ಡದಾರಿ x ಎಡಗಡೆ ಇರುವವರೆಗೆ ಮಾತ್ರ ನಡೆಯುತ್ತದೆ. -2 ≥ x ನಲ್ಲಿ x ಬಲಗಡೆ ಇದೆ. ಬಾಣ ಬಲಕ್ಕೆ ತೋರಿಸುತ್ತಿದೆ, ಉತ್ತರ ಎಡಕ್ಕಿದೆ. ಆದ್ದರಿಂದ ಅಡ್ಡದಾರಿ ಬೇಡ, ಓದುವುದನ್ನು ಕಲಿಸೋಣ. x ಕಡೆಯಿಂದ ಶುರು ಮಾಡಿ ಓದಿಸಿ: "x ಅನ್ನುವುದು -2 ಅಥವಾ ಅದಕ್ಕಿಂತ ಚಿಕ್ಕದು." ಓದಿದ್ದನ್ನೇ ಬರೆಸಿ: x ≤ -2. ಬಾಯಿ ಮೊದಲೂ -2ರ ಕಡೆ ತೆರೆದಿತ್ತು, ಈಗಲೂ -2ರ ಕಡೆಯೇ ತೆರೆದಿದೆ. ಇಲ್ಲಿ ಯಾವುದನ್ನೂ ಗುಣಿಸಲಿಲ್ಲ, ಇಡೀ ಮಾತನ್ನು ಆ ತುದಿಯಿಂದ ಓದಿದೆವು, ಅಷ್ಟೇ. "ರಾಮು ಸೋಮುಗಿಂತ ಎತ್ತರ" ಅನ್ನುವುದನ್ನೇ "ಸೋಮು ರಾಮುಗಿಂತ ಕುಳ್ಳ" ಅಂದ ಹಾಗೆ. ಋಣ ಸಂಖ್ಯೆಯಿಂದ ಗುಣಿಸಿದಾಗ ತಿರುಗುವುದೂ, ಬದಿ ಅದಲುಬದಲಾದಾಗ ತಿರುಗುವುದೂ ಬೇರೆ ಬೇರೆ ಅಂತ ಮಕ್ಕಳಿಗೆ ಬಿಡಿಸಿ ಹೇಳಬೇಕು.

ಇಂಥ ತಪ್ಪನ್ನು ಮಗುವೇ ಹಿಡಿಯುವಂತೆ ಮಾಡುವುದು ಹೇಗೆ? ನನ್ನ ವರ್ಕ್‌ಶೀಟಿನಲ್ಲಿ ಪ್ರತಿ ಲೆಕ್ಕದ ಕೆಳಗೆ "ಪರೀಕ್ಷೆ" ಅಂತ ಎರಡು ಗೆರೆ ಖಾಲಿ ಬಿಟ್ಟಿರುತ್ತೇನೆ. ಒಂದು ಗಡಿಗೆ, ಇನ್ನೊಂದು ಸೊನ್ನೆಗೆ. ಅದನ್ನು ತುಂಬದೆ ಮುಂದಿನ ಲೆಕ್ಕಕ್ಕೆ ಹೋಗುವ ಹಾಗಿಲ್ಲ.

ಮೊದಲು ಗಡಿ. ಗಡಿಯ ಸಂಖ್ಯೆಯನ್ನು ಕೊಟ್ಟ ಲೆಕ್ಕದಲ್ಲೇ ಹಾಕಬೇಕು, ಮಧ್ಯದ ಯಾವುದೋ ಸಾಲಿನಲ್ಲಿ ಅಲ್ಲ. 5 - 3x ನಲ್ಲಿ x ಬದಲು -2 ಹಾಕಿದರೆ 5 + 6, ಅಂದರೆ 11. ಬಲಗಡೆಯೂ 11. ಎರಡೂ ಸಮ ಬಂತು, ಗಡಿ ಸರಿ. ಲೆಕ್ಕದಲ್ಲಿ ≥ ಇದೆ, ಸಮ ಆದರೂ ನಡೆಯುತ್ತದೆ, ಆದ್ದರಿಂದ ಚುಕ್ಕೆ ತುಂಬಬೇಕು. ಬರೀ > ಇದ್ದಿದ್ದರೆ 11 > 11 ಸುಳ್ಳು, ಚುಕ್ಕೆ ಖಾಲಿ ವೃತ್ತವಾಗೇ ಇರಬೇಕು. ಕೆಲವು ಪುಸ್ತಕಗಳಲ್ಲಿ ಚುಕ್ಕೆಯ ಬದಲು ಆವರಣ ಹಾಕುತ್ತಾರೆ, ತುಂಬಿದ ಚುಕ್ಕೆಗೆ ಚೌಕಾವರಣ, ಖಾಲಿಗೆ ದುಂಡು ಆವರಣ. ಎರಡೂ ಒಂದೇ ಮಾತು.

ಆಮೇಲೆ ಸೊನ್ನೆ. x ಬದಲು 0 ಹಾಕಿದರೆ 5 ≥ 11. ಸುಳ್ಳು. ಅಂದರೆ ಸೊನ್ನೆಯ ಮೇಲೆ ಬಣ್ಣ ಇರಬಾರದು. ಈಗ ಮಗು ತಾನು ಬರೆದ ಚಿತ್ರದಲ್ಲಿ ಸೊನ್ನೆಯ ಮೇಲೆ ಬೆರಳಿಡಬೇಕು. ಹುಡುಗಿಯ ಚಿತ್ರದಲ್ಲಿ ಸೊನ್ನೆಯ ಮೇಲೆ ಬಣ್ಣ ಇದೆ. ಹುಡುಗನ ಚಿತ್ರದಲ್ಲೂ ಇದೆ. ಇಬ್ಬರೂ ಸಿಕ್ಕಿಬಿದ್ದರು! ಈಗ ಹಿಂದಕ್ಕೆ ಹೋಗಿ, ಎಲ್ಲಿ ಜಾರಿತು ಅಂತ ಅವರವರೇ ಹುಡುಕುತ್ತಾರೆ. ಹುಡುಗಿಗೆ ತನ್ನ ಕೊನೆಯ ಸಾಲಿನಲ್ಲಿ ಸಿಗುತ್ತದೆ. ಹುಡುಗನ ಕೊನೆಯ ಸಾಲು -2 ≥ 0 ಅಂತ ಆಗುತ್ತದೆ, ಅದೂ ಸುಳ್ಳೇ. ಅಂದರೆ ಸಾಲು ಲೆಕ್ಕಕ್ಕೆ ಹೊಂದುತ್ತಿದೆ, ಚಿತ್ರ ಹೊಂದುತ್ತಿಲ್ಲ. ತಪ್ಪು ಚಿತ್ರದಲ್ಲಿದೆ ಅಂತ ಅವನಿಗೆ ತಾನಾಗಿಯೇ ಗೊತ್ತಾಗುತ್ತದೆ.

ಈ ಎರಡರಲ್ಲಿ ಗಡಿಯ ಪರೀಕ್ಷೆಯೇ ಮೊದಲು ಆಗಬೇಕು. ಸೊನ್ನೆಯದು ಮಾತ್ರ ಮಾಡಿದರೆ ಕೆಲವು ತಪ್ಪು ತಪ್ಪಿಸಿಕೊಳ್ಳುತ್ತವೆ. ಇದೇ ಲೆಕ್ಕದಲ್ಲಿ ಒಂದು ಮಗು 5ನ್ನು ಆಚೆ ಕಳಿಸುವಾಗ ಕಳೆಯುವ ಬದಲು ಕೂಡಿ -3x ≥ 16 ಅಂತ ಬರೆದು, ಬಾಯಿಯನ್ನು ಸರಿಯಾಗಿಯೇ ತಿರುಗಿಸಿ, x ≤ -16/3 ಅಂತ ಬಂತು ಅನ್ನಿ. ಅಲ್ಲಿಯೂ ಸೊನ್ನೆಯ ಮೇಲೆ ಬಣ್ಣ ಇರುವುದಿಲ್ಲ. ಸೊನ್ನೆ ಪರೀಕ್ಷೆ ಪಾಸ್. ಆದರೆ -16/3ನ್ನು ಲೆಕ್ಕದಲ್ಲಿ ಹಾಕಿದರೆ 5 + 16 = 21, 11 ಅಲ್ಲ. ಗಡಿ ಹಿಡಿದುಹಾಕುತ್ತದೆ. ಗಡಿ ಒಮ್ಮೆ ಸರಿ ಅಂತ ಆದರೆ, ಒಂದೇ ಚರಾಕ್ಷರದ ರೇಖೀಯ ಅಸಮಾನತೆಯಲ್ಲಿ ಉತ್ತರ ಗಡಿಯ ಒಂದು ಪಕ್ಕ ಪೂರ್ತಿಯಾಗಿ ಇರುತ್ತದೆ, ಇನ್ನೊಂದು ಪಕ್ಕ ಇರುವುದೇ ಇಲ್ಲ. ಅದಕ್ಕೇ ಒಂದೇ ಒಂದು ಸಂಖ್ಯೆ ಪರೀಕ್ಷಿಸಿದರೆ ದಿಕ್ಕು ತೀರ್ಮಾನವಾಗುತ್ತದೆ. ಗಡಿಯೇ ಸೊನ್ನೆ ಆದರೆ, ಉದಾಹರಣೆಗೆ -4x > 0, ಸೊನ್ನೆ ಬಿಟ್ಟು 1 ಹಾಕಿ. -4 > 0 ಸುಳ್ಳು, 1ರ ಕಡೆ ಬಣ್ಣ ಇಲ್ಲ.

ಬಣ್ಣ ತುಂಬುವಾಗ ಆಗುವ ಚಿಲ್ಲರೆ ತಪ್ಪುಗಳು ಬೇಕಾದಷ್ಟಿವೆ. ಅವುಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ರೇಖೆಯನ್ನು -5ರಿಂದ 5ರವರೆಗೆ ಎಳೆದಿದ್ದರೆ, x ≤ -2ಕ್ಕೆ -5ರವರೆಗೆ ಬಣ್ಣ ಹಾಕಿ ನಿಲ್ಲಿಸಿಬಿಡುತ್ತಾರೆ. ಹಾಳೆಯಲ್ಲಿ ರೇಖೆ ಮುಗಿದರೆ ಸಂಖ್ಯೆಗಳೂ ಮುಗಿದವು ಅನ್ನುವ ಹಾಗೆ. -100 ಉತ್ತರವೋ ಅಲ್ಲವೋ ಅಂತ ಕೇಳಿ. ಹೌದು ಅಂದರೆ, ಅದು ನಿನ್ನ ಚಿತ್ರದಲ್ಲಿ ಎಲ್ಲಿದೆ ತೋರಿಸು ಅನ್ನಿ. ಆಗ ತುದಿಗೆ ಬಾಣ ಬರುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಲೆಕ್ಕ. ಬಾಯಿ ತಿರುಗುವುದೂ ಬಣ್ಣ ತುಂಬುವುದೂ ಎರಡೂ ಇದರಲ್ಲಿ ಒಟ್ಟಿಗೆ ಬರುತ್ತವೆ.

-4 < 2 - 3x ≤ 11

ಮೂರೂ ಕಡೆಯಿಂದ 2 ಕಳೆಯೋಣ: -6 < -3x ≤ 9. ಈಗ ಮೂರನ್ನೂ -3ರಿಂದ ಭಾಗಿಸಬೇಕು. ಎರಡು ಬಾಯಿ ಇವೆ, ಎರಡೂ ತಿರುಗಬೇಕು: 2 > x ≥ -3. ಇದನ್ನು ಚಿಕ್ಕದರಿಂದ ದೊಡ್ಡದಕ್ಕೆ ಓದಿದರೆ -3 ≤ x < 2.

ಇಲ್ಲಿ ಮಕ್ಕಳು ಗಡಿಗಳನ್ನು ಸರಿಯಾಗಿ ಕಂಡುಹಿಡಿಯುತ್ತಾರೆ, ನಡುವೆ ಬಣ್ಣವನ್ನೂ ಹಾಕುತ್ತಾರೆ, ಆದರೆ ಚುಕ್ಕೆ ತಪ್ಪುತ್ತದೆ. ಕೊಟ್ಟ ಲೆಕ್ಕದಲ್ಲಿ "ಅಥವಾ ಸಮ" ಅನ್ನುವ ಗೆರೆ ಬಲಗಡೆಯ ಬಾಯಿಯ ಕೆಳಗೆ ಇತ್ತು. ಅದಕ್ಕೆ ಬಲಗಡೆಯ ಗಡಿಯಾದ 2ಕ್ಕೆ ಚುಕ್ಕೆ ತುಂಬುತ್ತಾರೆ, -3ಕ್ಕೆ ಖಾಲಿ ಬಿಡುತ್ತಾರೆ. ರಟ್ಟಿನ ಮೇಲಿನ ಪಟ್ಟಿಯನ್ನು ನೆನಪು ಮಾಡಿಕೊಳ್ಳಿ. ಪಟ್ಟಿ ತಿರುಗಿದಾಗ ಬಲತುದಿ ಎಡಕ್ಕೆ ಬಂತಲ್ಲ, ಆ ತುದಿಯಲ್ಲಿದ್ದ ಚುಕ್ಕೆಯೂ ಜೊತೆಗೇ ಬಂತು. 11ರ ಹತ್ತಿರ ಇದ್ದ ಸಮ ಅನ್ನುವ ಗೆರೆ ಈಗ -3ರ ಹತ್ತಿರ ಇದೆ.

ನಂಬಿಕೆ ಬರದಿದ್ದರೆ ಪರೀಕ್ಷೆ ಇದೆಯಲ್ಲ. x = -3 ಆದರೆ 2 + 9 = 11. 11 ≤ 11 ನಿಜ, ಚುಕ್ಕೆ ತುಂಬಬೇಕು. x = 2 ಆದರೆ 2 - 6 = -4. -4 < -4 ಸುಳ್ಳು, ಖಾಲಿ ವೃತ್ತ. x = 0 ಆದರೆ 2. ಅದು -4 ಮತ್ತು 11ರ ನಡುವೆ ಇದೆ, ಆದ್ದರಿಂದ ಸೊನ್ನೆಯ ಮೇಲೆ ಬಣ್ಣ ಬೇಕು, ಇದೆ. ಮೂರು ಸಂಖ್ಯೆ ಹಾಕಿ ನೋಡಿದ್ದಕ್ಕೆ ಎರಡು ಚುಕ್ಕೆ, ನಡುವಿನ ಬಣ್ಣ, ಎಲ್ಲವೂ ಖಚಿತವಾಯಿತು. ವರ್ಕ್‌ಶೀಟಿನಲ್ಲಿ ಇಂಥದ್ದೊಂದು ಇರಲೇಬೇಕು, ಮತ್ತು ಒಂದು ತುದಿಗೆ ಮಾತ್ರ ಸಮ ಇರಬೇಕು. ಎರಡೂ ತುದಿಗೆ ≤ ಕೊಟ್ಟರೆ ಎರಡೂ ಚುಕ್ಕೆ ತುಂಬುತ್ತವೆ, ಚುಕ್ಕೆ ಜಾಗ ಬದಲಾಯಿಸಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಬಣ್ಣವೇ ಹಾಕಬಾರದ ಲೆಕ್ಕವೂ ಇರುತ್ತದೆ. 4x < 13 ಅಂತ ಕೊಟ್ಟು, x ಸ್ವಾಭಾವಿಕ ಸಂಖ್ಯೆ ಅಂದರೆ ಉತ್ತರ 1, 2, 3, ಮೂರು ಬಿಡಿ ಚುಕ್ಕೆ, ನಡುವೆ ಗೆರೆ ಇಲ್ಲ. x ವಾಸ್ತವ ಸಂಖ್ಯೆ ಅಂದರೆ 3.25ಕ್ಕೆ ಖಾಲಿ ವೃತ್ತ, ಅಲ್ಲಿಂದ ಎಡಕ್ಕೆ ಪೂರ್ತಿ ಬಣ್ಣ. ಅದೇ ಲೆಕ್ಕವನ್ನು ಎರಡು ಸಲ ಕೊಟ್ಟು ಎರಡು ಚಿತ್ರ ಬರೆಸಿ. ಪ್ರಶ್ನೆಯ ಮೊದಲ ಸಾಲಿನಲ್ಲಿ x ಯಾವ ಗುಂಪಿನ ಸಂಖ್ಯೆ ಅಂತ ಓದುವ ಅಭ್ಯಾಸ ಅದರಿಂದ ಬರುತ್ತದೆ.

ನನ್ನ ಮಾತು ಇಷ್ಟು. ಕೊನೆಗೆ ಸಭೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ.

ಒಬ್ಬ ಮೇಡಂ ಕೇಳಿದರು: "ಸರ್, ಆ ಹುಡುಗ ಮಾಡಿದ ಹಾಗೆ xನ್ನು ಯಾವಾಗಲೂ ಧನ ಆಗುವ ಕಡೆಗೇ ತರಿಸಿದರೆ ಬಾಯಿ ತಿರುಗಿಸುವ ಪಾಠವೇ ಬೇಡ ಅಲ್ವಾ?" ಒಂದು ಬಾಯಿಯ ಲೆಕ್ಕಕ್ಕೆ ನಡೆಯುತ್ತದೆ, ಚೆನ್ನಾಗಿಯೂ ಇದೆ. ಆದರೆ ಅದರ ಬೆಲೆಯನ್ನು ಬಣ್ಣ ಹಾಕುವಾಗ ಕೊಡಬೇಕಾಗುತ್ತದೆ, x ಬಲಗಡೆ ಉಳಿಯುತ್ತದೆ. ಓದಿ, ತಿರುವಿ ಬರೆಯುವ ಅಭ್ಯಾಸ ಇದ್ದರೆ ಮಾತ್ರ ಈ ದಾರಿ ಹಿಡಿಸಿ. ಎರಡು ಬಾಯಿಯ ಲೆಕ್ಕ ಬಂದಾಗ ಈ ದಾರಿ ಅಷ್ಟು ಸಲೀಸಲ್ಲ. -4 < 2 - 3x ≤ 11ರಲ್ಲಿ x ನಡುವೆ ಇದೆ, ಯಾವ ಕಡೆಗೆ ತರುವುದು? ಎರಡು ಲೆಕ್ಕವಾಗಿ ಒಡೆದು, ಎರಡು ಉತ್ತರ ಕಂಡುಹಿಡಿದು, ಆಮೇಲೆ ಎರಡೂ ಬಣ್ಣ ಬೀಳುವ ಜಾಗ ಹುಡುಕಬೇಕು. ಮಾಡಬಹುದು, ಆದರೆ ತಪ್ಪಾಗುವ ಜಾಗಗಳು ಹೆಚ್ಚಾಗುತ್ತವೆ.

ಹಿಂದಿನ ಸಾಲಿನಿಂದ ಒಬ್ಬ ಮೇಷ್ಟ್ರು ಕೇಳಿದ್ದು ಇನ್ನೂ ಒಳ್ಳೆಯ ಪ್ರಶ್ನೆ: "ಸಂಖ್ಯೆಯ ಬದಲು xನಿಂದಲೇ ಗುಣಿಸಬೇಕಾಗಿ ಬಂದರೆ ಬಾಯಿ ತಿರುಗಿಸಬೇಕೋ ಬೇಡವೋ?" 6/x < 2 ತಗೊಳ್ಳಿ. ಇದು ರೇಖೀಯ ಅಲ್ಲ, ಆದರೂ ಮಕ್ಕಳು ಇದೇ ಕೈಚಳಕ ತೋರಿಸುತ್ತಾರೆ. xನಿಂದ ಗುಣಿಸಿ 6 < 2x, ಆದ್ದರಿಂದ x > 3 ಅಂತ ಬರೆಯುತ್ತಾರೆ. x ಬದಲು -1 ಹಾಕಿ ನೋಡಿ. -6 < 2, ನಿಜ. -1 ಕೂಡ ಉತ್ತರ, ಆದರೆ ಅವರ ಬಣ್ಣ ಅಲ್ಲಿಗೆ ಮುಟ್ಟಿಲ್ಲ. x ಧನವೋ ಋಣವೋ ಗೊತ್ತಿಲ್ಲದೆ ಅದರಿಂದ ಗುಣಿಸಿದ್ದೇ ತಪ್ಪು. x ಧನ ಆದಾಗ ಬಾಯಿ ಹಾಗೇ ಇರುತ್ತದೆ, x > 3 ಬರುತ್ತದೆ. x ಋಣ ಆದಾಗ ಬಾಯಿ ತಿರುಗಿ 6 > 2x, ಅಂದರೆ x < 3 ಆಗುತ್ತದೆ, ಋಣ ಸಂಖ್ಯೆಗಳೆಲ್ಲ ಅದರಲ್ಲಿ ಬರುತ್ತವೆ. ಆದ್ದರಿಂದ ರೇಖೆಯ ಮೇಲೆ ಎರಡು ಕಡೆ ಬಣ್ಣ, 0ಯಿಂದ ಎಡಕ್ಕೆ ಪೂರ್ತಿ, 3ರಿಂದ ಬಲಕ್ಕೆ ಪೂರ್ತಿ, ಎರಡೂ ಕಡೆ ಖಾಲಿ ವೃತ್ತ. ನಡುವೆ ಖಾಲಿ. 1 ಹಾಕಿ ನೋಡಿ, 6 < 2, ಸುಳ್ಳು.